ಎಪ್ಪತ್ತು ಅಕ್ಷರ, ಒಂದೇ ರಿಂಗು

ಮೊಬೈಲಿನ ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ ನೂರಾ ಅರವತ್ತು ಅಕ್ಷರಗಳ ಜಾಗ, ಕನ್ನಡಕ್ಕೆ ಎಪ್ಪತ್ತು. ಕೆಲಸಕ್ಕೆ ಸೇರಿದ ವಾರ ಇದು ಗೊತ್ತಾದಾಗ ನಾನು ಜಗಳಕ್ಕೆ ನಿಂತೆ. ಎದುರಾಳಿಯಾಗಿ ಸಿಕ್ಕಿದ್ದು ಕಂಪ್ಯೂಟರ್ ಪರದೆ ಮಾತ್ರ. ಆ ಎಪ್ಪತ್ತೂ ಪೂರ್ತಿ ಎಪ್ಪತ್ತಲ್ಲ. ‘ಕಣ್ಣಿನ’ ಎಂಬುದು ನಮಗೆ ಮೂರಕ್ಷರ, ಯಂತ್ರಕ್ಕೆ ಆರು. ಗುಡಿಸು ಬೇರೆ, ಒತ್ತು ಬೇರೆ, ಅಕ್ಷರಕ್ಕೂ ಒತ್ತಿಗೂ ನಡುವಿನ ಕಾಣದ ಅರ್ಧಮಾತ್ರೆಯೂ ಬೇರೆ. ಖಾಲಿ ಬಿಟ್ಟ ಜಾಗಕ್ಕೂ ಲೆಕ್ಕ. ಎಪ್ಪತ್ತು ದಾಟಿದರೆ ಸಂದೇಶ ಎರಡು ತುಂಡಾಗಿ ಹೋಗುತ್ತದೆ, ಆ ತುಂಡುಗಳನ್ನು ಅಲ್ಲಿ ಫೋನು ಜೋಡಿಸಿಕೊಳ್ಳಬೇಕು.

ನಾನಿದ್ದದ್ದು ಬಸವಕಲ್ಯಾಣದ ಒಂದು ಸಣ್ಣ ನೇತ್ರ ತಪಾಸಣಾ ಕೇಂದ್ರದಲ್ಲಿ. ನಮ್ಮ ಟ್ರಸ್ಟಿನ ಆಸ್ಪತ್ರೆ ಹುಮನಾಬಾದಿನಲ್ಲಿ. ಹಳ್ಳಿಗಳಲ್ಲಿ ಕ್ಯಾಂಪ್ ಮಾಡಿ, ಪೊರೆ ಬಂದವರನ್ನು ಗುರುತಿಸಿ, ಹೊರಗಿನಿಂದ ಸರ್ಜನ್ ಬರುವ ದಿನ ಅವರನ್ನು ಹುಮನಾಬಾದಿಗೆ ಕರೆಸಿ ಆಪರೇಷನ್ ಮಾಡಿಸುವುದು ಕೆಲಸ. ಹೆಡ್ ಆಫೀಸಿನಿಂದ ಇಂಗ್ಲಿಷಿನಲ್ಲಿ ಬರುವ ನೋಟಿಸನ್ನು ಕನ್ನಡಕ್ಕೆ ತಂದು, ಟೆಲಿಕಾಂ ಕಂಪನಿಯ ಮಂಜೂರಿಗೆ ಹಾಕಿ, ರೋಗಿಗಳ ಫೋನಿಗೆ ಕಳಿಸುವುದು ನನ್ನ ಪಾಲು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಯಾವ ಕಡೆ ನಿಂತರೂ ಎದುರಿನವರ ಮಾತಿನಲ್ಲಿ ಸಡಿಲಾದ ಹಲಗೆ ಯಾವುದು ಎಂದು ಕಾಲಿಟ್ಟು ನೋಡುವ ಚಟ.

ನನಗಿಂತ ಮೊದಲು ಈ ಸಂದೇಶಗಳನ್ನು ಬರೆಯುತ್ತಿದ್ದವರು ನಮ್ಮ ಕ್ಯಾಂಪ್ ಕೋಆರ್ಡಿನೇಟರ್. ಐವತ್ತರ ಆಸುಪಾಸು, ದೊಡ್ಡ ದನಿ, ಹಳ್ಳಿಗೆ ಹೋದರೆ ತಾನೇ ಡಾಕ್ಟರ್ ಎಂಬಂತೆ ನಡೆಯುವ ಮನುಷ್ಯ. ಅವರ ಸಂದೇಶಗಳೂ ಅವರ ಹಾಗೆಯೇ: ನಮಸ್ಕಾರದಿಂದ ಶುರುವಾಗಿ, ದೇವರು ಒಳ್ಳೆಯದು ಮಾಡಲಿ ಎಂದು ಹಾರೈಸಿ, ಕೊನೆಗೆ ‘ಮಿಸ್ ಕಾಲ್ ಕೊಡ್ರಿ’ ಎಂದು ತಮ್ಮದೇ ಮೊಬೈಲ್ ನಂಬರು. ಇದೆಲ್ಲ ಎರಡು ತುಂಡಾಗಿ ಹೋಗುತ್ತಿತ್ತು. ಬಟನ್ ಫೋನುಗಳಲ್ಲಿ ಇನ್‌ಬಾಕ್ಸ್ ತುಂಬಿದ್ದರೆ ನಮಸ್ಕಾರ ಮುಟ್ಟುತ್ತಿತ್ತು, ನಂಬರು ಮುಟ್ಟುತ್ತಿರಲಿಲ್ಲ. ಅದಕ್ಕೇ ಹೆಡ್ ಆಫೀಸಿನಿಂದ ಆದೇಶ ಬಂತು: ಇನ್ನು ಮುಂದೆ ಒಂದೇ ತುಂಡು. ಏನು ಮಾಡಬೇಕು, ಯಾವ ತಾರೀಖು, ಯಾವ ನಂಬರು, ಈ ಮೂರು ಇರಲೇಬೇಕು. ಕೊನೆಗೆ ಸಂಸ್ಥೆಯ ಹೆಸರೂ ಇರಬೇಕು, ಇಲ್ಲದಿದ್ದರೆ ಮಂಜೂರಾಗುವುದಿಲ್ಲ.

ನಾನು ಕುಳಿತು ಕತ್ತರಿಸಿದೆ. ನಮಸ್ಕಾರ ಹೋಯಿತು, ದೇವರು ಹೋದ. ಇಂಗ್ಲಿಷಿನಿಂದ ಬಂದ ‘ಸ್ಕೆಡ್ಯೂಲ್’, ‘ಕೈಂಡ್ಲಿ’ ಎಲ್ಲ ಹೋಯಿತು. ಉಳಿದದ್ದು ಇಷ್ಟು: ‘ಕಣ್ಣಿನ ಆಪರೇಷನ್’, ಆ ದಿನದ ತಾರೀಖು. ‘ಬರಲು’, ತಿಳಿಸಬೇಕಾದ ಕೊನೆಯ ತಾರೀಖು, ‘ರೊಳಗೆ ಕರೆ ಮಾಡಿ’, ನಂಬರು, ಸಂಸ್ಥೆಯ ಹೆಸರು. ಎಣಿಸಿದರೆ ಸರಿಯಾಗಿ ಎಪ್ಪತ್ತು. ಆ ಎಪ್ಪತ್ತನ್ನು ನೋಡಿ ಬಹುಮಾನದ ಫಲಕ ಹಿಡಿದಷ್ಟು ಹಿಗ್ಗಿದ್ದು ಸುಳ್ಳಲ್ಲ. ಹಳೆಯ ಚರ್ಚಾ ತಂಡದ ವಾಟ್ಸಾಪ್ ಗುಂಪಿಗೆ ಅದರ ಫೋಟೋ ಕೂಡ ಹಾಕಿದ್ದೆ.

ಕೋಆರ್ಡಿನೇಟರ್ ಬಂದು ಪರದೆಗೆ ಬಗ್ಗಿದರು.

“ಮಿಸ್ ಕಾಲ್ ಎಲ್ಲಿ ಹೋತ್ರಿ ಮೇಡಂ?”

“ಕರೆ ಮಾಡಿ ಅಂತ ಅದ ಅಲ್ರಿ ಸರ್. ಮಿಸ್ ಕಾಲ್ ಕೊಡಿ ಅಂದ್ರ ಆರು ಅಕ್ಷರ ಜಾಸ್ತಿ ಆಗ್ತಾವ.”

“ಮತ್ತ ಈ ನಂಬರ್ ಯಾರದು?”

“ಹುಮನಾಬಾದ್ ಆಸ್ಪತ್ರೆದು. ರಿಸೆಪ್ಷನ್ ಲ್ಯಾಂಡ್‌ಲೈನ್.”

“ನಂದು ಹಾಕ್ರಿ. ನನ್ನ ನಂಬರ್ ಎಲ್ಲಾರಿಗೂ ಮಾಲೂಮ್ ಅದ.”

ನನಗೆ ಬೇಕಾಗಿದ್ದ ಹಲಗೆ ಸಿಕ್ಕಿತು. “ಎಲ್ಲಾರಿಗೂ ಮಾಲೂಮ್ ಇದ್ರ ಮತ್ತ ಬರೆಯೋದು ಯಾಕ್ರಿ ಸರ್? ಗೊತ್ತಿಲ್ಲದ್ದನ್ನ ಬರೀಬೇಕಲ್ಲ?”

ಅವರು ಮತ್ತೆ ಪರದೆಗೆ ಬಗ್ಗಿದರು. ನಾನು ಬಿಡಲಿಲ್ಲ. ನೀವು ರಜೆ ಹಾಕಿದರೆ ಯಾರು ಎತ್ತಬೇಕು, ಆಸ್ಪತ್ರೆ ಎಂದರೆ ಒಬ್ಬ ಮನುಷ್ಯನ ಮೊಬೈಲೇ, ನಾಳೆ ನೀವು ಬೇರೆ ಕಡೆ ಸೇರಿದರೆ ರೋಗಿಗಳೂ ನಿಮ್ಮ ಜೊತೆ ಹೋಗುತ್ತಾರೆಯೇ ಎಂದೆಲ್ಲ ಕೇಳಿದೆ. ಕೊನೆಯದು ಕೇಳಬಾರದಿತ್ತು. ಊರೂರಲ್ಲಿ ತಮ್ಮ ನಂಬರು ಓಡಾಡಬೇಕು ಎಂಬ ಆಸೆ ಅವರದು ಎಂದು ನಾನು ನಂಬಿದ್ದೆ, ಅದನ್ನು ಅವರಿಗೆ ಅರ್ಥವಾಗುವ ಹಾಗೆ ಹೇಳಿದ್ದೆ.

“ಹುಡುಗಿ ಭಾಳ ಜಬರ್ದಸ್ತ್ ಮಾತಾಡ್ತಾಳ” ಎಂದು ಪಕ್ಕದ ಕನ್ನಡಕದ ಕೌಂಟರಿನವರಿಗೆ ಹೇಳಿ ನಕ್ಕರು. “ಹಾಕ್ರಿ ಹಾಕ್ರಿ, ನಿಮ್ಮ ಲ್ಯಾಂಡ್‌ಲೈನೇ ಹಾಕ್ರಿ. ನಂಗೂ ತಲಿಬ್ಯಾನಿ ಕಡಿಮಿ ಆತು.”

ಸಂದೇಶದ ನಮೂನೆ ಮಂಜೂರಾಗಿ ಬಂತು. ನಮೂನೆ ಒಮ್ಮೆ ಮಂಜೂರಾದರೆ ತಾರೀಖಿನಂಥ ಖಾಲಿ ಜಾಗಗಳನ್ನು ಮಾತ್ರ ತುಂಬಬಹುದು, ಉಳಿದ ಒಂದು ಪದವನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಸಂದೇಶ ಹೊರಗೇ ಹೋಗುವುದಿಲ್ಲ. ಬೇಸಿಗೆ ರಜೆಯಲ್ಲಿ ಬಂದ ಸರ್ಜನ್ ದಿನಕ್ಕೆ ಅದನ್ನೇ ಕಳಿಸಿದೆ. ರಾಜೇಶ್ವರ, ದುಬಲಗುಂಡಿ, ಹುಲಸೂರ, ಎಲ್ಲ ಕಡೆಯ ಫೋನಿಗೆ ಮುಟ್ಟಿತು ಎಂದು ಪರದೆ ಹೇಳಿತು. ಎಲ್ಲರಿಗೂ, ಪೂರ್ತಿ.

ಆ ವಾರ ಹುಮನಾಬಾದಿನ ರಿಸೆಪ್ಷನ್ ಹುಡುಗಿ ಬೇರೆ ಯಾವುದಕ್ಕೋ ಫೋನ್ ಮಾಡಿದವಳು ಗೊಣಗಿದಳು. “ಅಕ್ಕಾ, ಈ ಲ್ಯಾಂಡ್‌ಲೈನಿಗಿ ಏನೋ ಆಗ್ಯಾದ. ಒಂದ್ ರಿಂಗ್ ಬರ್ತದ, ಎತ್ತೂದ್ರೊಳಗ ಬಂದ್. ದಿನಾ ಇದೇ. ಕಂಪ್ಲೇಂಟ್ ಕೊಟ್ಟೀನಿ, ಲೈನ್‌ಮನ್ ಬಂದು ಹೊಸ ಡಬ್ಬಿ ಕೂಡ್ಸಿ ಹೋದ, ಆದ್ರೂ ಅಷ್ಟೇ.”

“ವೈರ್ ನೋಡಿಸವಾ” ಎಂದೆ. ನಾನು, ಎಲ್ಲದಕ್ಕೂ ‘ಏಕೆ’ ಎಂದು ಕೇಳುವವಳು, ಅವತ್ತು ಕೇಳಲಿಲ್ಲ.

ಆಪರೇಷನ್ ದಿನ ನಾನೂ ಹುಮನಾಬಾದಿಗೆ ಹೋದೆ. ಹೋಗಬೇಕಾದ ಕೆಲಸವಿರಲಿಲ್ಲ, ನನ್ನ ಎಪ್ಪತ್ತು ಅಕ್ಷರ ಎಷ್ಟು ಜನರನ್ನು ತಂದು ನಿಲ್ಲಿಸುತ್ತದೆ ನೋಡುವ ಆಸೆ. ಆಸ್ಪತ್ರೆಯ ಗಾಡಿ ಹಳ್ಳಿಗಳನ್ನು ಸುತ್ತಿ ಬಂದು ನಿಂತಿತು. ಇಳಿದವರನ್ನು ಎಣಿಸಲು ಒಂದು ಕೈ ಸಾಕಾಯಿತು. ಅವರೂ ಸಂದೇಶದಿಂದ ಬಂದವರಲ್ಲ, ಹಿಂದಿನ ವಾರ ಖುದ್ದಾಗಿ ಬಂದು ವಿಚಾರಿಸಿ ಹೋಗಿದ್ದವರು. ಒಳಗೆ ಸರ್ಜನ್ ಕೈ ತೊಳೆದು ಕಾಯುತ್ತಿದ್ದರು. ಖಾಲಿ ಹಾಸಿಗೆಗಳ ಮೇಲೆ ಹಸಿರು ಬಟ್ಟೆ ಹಾಸಿತ್ತು.

ಕೋಆರ್ಡಿನೇಟರ್ ವರಾಂಡದಲ್ಲಿ ಕುಳಿತು ತಮ್ಮ ಮೊಬೈಲಿನಿಂದ ಒಬ್ಬೊಬ್ಬರಿಗೇ ಫೋನ್ ಹಚ್ಚತೊಡಗಿದರು. ಸ್ಪೀಕರ್ ಹಾಕಿದ್ದರು. ನನಗೆ ಕೇಳಲಿ ಎಂದೇ ಹಾಕಿದ್ದಿರಬೇಕು. ಇರದೆಯೂ ಇರಬಹುದು, ಅವರು ಯಾವಾಗಲೂ ಹಾಗೆಯೇ ಮಾತಾಡುವವರು.

ಮೊದಲ ಮನುಷ್ಯ ರಾಜೇಶ್ವರದವನು. “ಮಿಸ್ ಕಾಲ್ ಕೊಟ್ಟಿದ್ದೆನಲ್ರಿ ಸಾಹೇಬ್ರ. ನೀವು ತಿರುಗಿ ಫೋನ್ ಹಚ್ಚಲಿಲ್ಲ. ಈ ಸಲ ನಮ್ಮ ಪಾಳಿ ಇಲ್ಲ ಅನಕೊಂಡು ಸುಮ್ಮ ಕೂತೆ.”

ಎರಡನೆಯವರದೂ ಅದೇ. ಮೂರನೆಯವರದೂ.

“ಆ ನಂಬರ್ ದವಾಖಾನಿದು ರೀ. ಪೂರಾ ರಿಂಗ್ ಬಿಡಬೇಕಿತ್ತು. ನನಗ್ಯಾಕ ಹಚ್ಚಲಿಲ್ಲ?”

“ನಿಮ್ಮ ನಂಬರ್ ಬದಲಿ ಆಗ್ಯಾದ ಅನಕೊಂಡೆವ್ರಿ. ಮೆಸೇಜಿನ್ಯಾಗ ಬ್ಯಾರೆ ನಂಬರ್ ಬಂದಿತ್ತಲ್ಲ.”

ಎಲ್ಲರಿಗೂ ಗೊತ್ತಿರುವ ನಂಬರನ್ನು ಏಕೆ ಬರೆಯಬೇಕು ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಬೇರೊಂದು ನಂಬರು ಬರೆದ ಕೂಡಲೇ ಗೊತ್ತಿದ್ದ ನಂಬರು ಸತ್ತುಹೋಗುತ್ತದೆ. ಇಷ್ಟು ಸರಳವಾದ ಪ್ರತಿವಾದ ವೇದಿಕೆಯ ಮೇಲೆ ಯಾವ ಹುಡುಗನಾದರೂ ಎತ್ತುತ್ತಿದ್ದ. ಕೋಆರ್ಡಿನೇಟರಿಗೆ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವರಿಗೆ ಹೊಳೆಯದ್ದನ್ನೇ ನಾನು ನನ್ನ ಗೆಲುವು ಎಂದು ತಿಳಿದಿದ್ದೆ.

ಇನ್ನೊಂದು ಸಂಗತಿಯೂ ಆಗಲೇ ತಿಳಿಯಿತು. ಇಷ್ಟು ವರ್ಷ ಆಪರೇಷನ್ನಿನ ಏರ್ಪಾಟೆಲ್ಲ ನಡೆಯುತ್ತಿದ್ದದ್ದು ಎಸ್ಸೆಮ್ಮೆಸ್ಸಿನಲ್ಲಲ್ಲ, ಆ ತಿರುಗಿ ಹಚ್ಚುವ ಫೋನಿನಲ್ಲಿ. ಜನ ಒಂದು ರಿಂಗ್ ಕೊಟ್ಟು ಇಡುತ್ತಿದ್ದರು. ಅದರ ಅರ್ಥ: ನಾನು ಬರುತ್ತೇನೆ, ನಿಮಗೆ ಪುರಸೊತ್ತಾದಾಗ ಮಾತಾಡಿ. ಈಗ ಬಹಳ ಜನರಿಗೆ ಕರೆಗೆ ಬೇರೆ ದುಡ್ಡು ಹೋಗುವುದಿಲ್ಲ, ಆದರೂ ದವಾಖಾನೆಯವರನ್ನು ನೇರ ಎಬ್ಬಿಸಿ ಮಾತಾಡಿಸುವುದು ಸರಿಯಲ್ಲ ಎಂಬ ಮರ್ಯಾದೆ ಉಳಿದಿದೆ. ಕೋಆರ್ಡಿನೇಟರ್ ಸಂಜೆ ಕುಳಿತು ಎಲ್ಲರಿಗೂ ತಿರುಗಿ ಹಚ್ಚಿ, ಗಾಡಿ ಎಲ್ಲಿ ನಿಲ್ಲುತ್ತದೆ, ಜೊತೆಗೆ ಯಾರು ಬರಬೇಕು, ಬಿಪಿ ಗುಳಿಗೆ ತಪ್ಪಿಸಬಾರದು, ಎಲ್ಲ ಹೇಳುತ್ತಿದ್ದರು. ನಮ್ಮ ಲ್ಯಾಂಡ್‌ಲೈನಿಗೆ ಯಾರು ಹಚ್ಚಿದ್ದರು ಎಂದು ತೋರಿಸುವ ಪರದೆಯೇ ಇರಲಿಲ್ಲ. ಆ ವಾರವೆಲ್ಲ ಮೂರು ತಾಲೂಕಿನ ಮುದುಕರು ಅದನ್ನು ಒಂದೊಂದು ಸಲ ಬಡಿದು, ಮರ್ಯಾದೆಯಿಂದ ಹಿಂದೆ ಸರಿದು, ಕಾದಿದ್ದರು.

ಕೆಲವರು ಸುದ್ದಿ ತಿಳಿದು ಸಿಕ್ಕ ಬಸ್ಸಿಗೆ ಹೊರಟು ಬಂದರು. ಬರಲಾಗದವರಲ್ಲಿ ದುಬಲಗುಂಡಿಯ ಕಡೆಯ ಒಬ್ಬ ಹೆಂಗಸಿದ್ದಳು, ಅಲ್ಲಿಯ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಫೋನ್ ಎತ್ತಿದ್ದು ಅವಳ ಸೊಸೆ.

“ಅತ್ತಿ ಹುಲಸೂರಿಗಿ ಹೋಗ್ಯಾಳ್ರಿ, ಲಗ್ನದ ಮನ್ಯಾಗ ರೊಟ್ಟಿ ಬಡಿಯಾಕ. ನಾಕ್ ದಿನ ಫೋನ್ ಕೈಯಾಗ ಹಿಡಕೊಂಡು ಕೂತಿದ್ಳು. ಮತ್ತ ಯಾವಾಗ್ರಿ?”

“ಸರ್ಜನ್ ಮುಂದಿನ ಸಲ ಬಂದಾಗ.”

“ಸಾಲಿ ಸುರು ಆಗ್ತದಲ್ರಿ ಅಷ್ಟೊತ್ತಿಗಿ” ಎಂದಳು ಸೊಸೆ.

ಕೋಆರ್ಡಿನೇಟರ್ ನನಗೆ ವಿವರಿಸಿದರು. ಅವಳ ಒಂದು ಕಣ್ಣು ಮೊದಲೇ ಮಂಜು, ಇನ್ನೊಂದೂ ಮಂಜಾಗುತ್ತಿದೆ. ಅನ್ನದಲ್ಲಿ ಹರಳು ಸಿಕ್ಕಿತೆಂದು ಶಾಲೆಯಲ್ಲಿ ಮಾತು ಬಂದಿತ್ತು. ರಜೆಯಲ್ಲಿ ಕಣ್ಣು ಮಾಡಿಸಿಕೊಂಡು ಬಾ, ಇಲ್ಲದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳಬೇಕಾಗುತ್ತದೆ ಎಂದು ಹೆಡ್‌ಮಾಸ್ತರರು ಹೇಳಿದ್ದರು. ಆಪರೇಷನ್ ಆದ ಮೇಲೂ ಕೆಲವು ವಾರ ಒಲೆಯ ಮುಂದೆ ನಿಲ್ಲುವ ಹಾಗಿಲ್ಲ. ಆ ರಜೆ ಅವಳಿಗೆ ಬೇಕಾಗಿದ್ದದ್ದು ಅದಕ್ಕೇ.

ಮಧ್ಯಾಹ್ನ ಹೆಡ್ ಆಫೀಸಿನಿಂದ ಫೋನ್ ಬಂತು. ಸರ್ಜನ್ ದೂರಿದ್ದರು. ಏನಾಯಿತು ಎಂದು ಕೇಳಿದರು. ನಾವಿಬ್ಬರೂ ಒಂದೇ ಮೇಜಿನ ಮುಂದೆ ಕುಳಿತಿದ್ದೆವು, ಫೋನು ನಡುವೆ ಇತ್ತು.

ನಾನೇ ಮೊದಲು ಮಾತಾಡಿದೆ. ಸಂದೇಶ ಎಲ್ಲರಿಗೂ ಮುಟ್ಟಿದೆ. ಏನು ಮಾಡಬೇಕು ಎಂಬುದು ಇದೆ, ತಾರೀಖು ಇದೆ, ನಂಬರು ಇದೆ, ನಂಬರು ಸರಿಯಾಗಿದೆ. ‘ಕರೆ ಮಾಡಿ’ ಎಂದು ಸ್ಪಷ್ಟವಾಗಿ ಬರೆದಿದೆ, ಜನ ಕರೆ ಮಾಡಿಲ್ಲ. ಒಂದೊಂದು ವಾಕ್ಯವೂ ನಿಜ. ಅಂಥ ನಿಜಗಳನ್ನು ಸಾಲಾಗಿ ನಿಲ್ಲಿಸಿ ಹೊರಗೆ ನುಸುಳುವುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಅದಕ್ಕೇ ಬಹುಮಾನ ತಂದವಳು ನಾನು. ಆ ಕಡೆಯಿಂದ “ಸರಿ, ಮೆಸೇಜಿನಲ್ಲಿ ತಪ್ಪಿಲ್ಲ, ಫೀಲ್ಡಿನಲ್ಲಿ ಫಾಲೋ ಅಪ್ ಸಾಲದು” ಎಂದು ತೀರ್ಪು ಬಂತು.

ಫೀಲ್ಡ್ ಎಂದರೆ ಕೋಆರ್ಡಿನೇಟರ್. ಅವರು ಫೋನಿಗೆ “ಹೌದ್ರಿ ಸರ್, ಮುಂದಿನ ಸಲ ನೋಡ್ಕೋತೀನ್ರಿ” ಎಂದರು. ಇಟ್ಟ ಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ಕಾದೆ. ಅದಕ್ಕೂ ಉತ್ತರ ತಯಾರಿತ್ತು.

“ಊಟ ಆತೇನವಾ?” ಎಂದರು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವರು.

ನನಗೆ ಅನ್ನ ಇಳಿಯಲಿಲ್ಲ. ಅದನ್ನು ಬರೆದು ದೊಡ್ಡದು ಮಾಡುವುದಿಲ್ಲ, ಮರುದಿನ ಇಳಿಯಿತು.

ಮಾಡಬಹುದಾದದ್ದನ್ನು ಮಾಡಿದೆ. ‘ಕಣ್ಣಿನ’ ಎಂಬುದನ್ನು ತೆಗೆದೆ. ನಮ್ಮ ಸಂಸ್ಥೆಯ ಹೆಸರಿನಲ್ಲೇ ನೇತ್ರವಿದೆ, ಸಂದೇಶ ಹೋಗುವವರೆಲ್ಲ ಮೊದಲೇ ಕಣ್ಣು ತೋರಿಸಿಕೊಂಡವರೇ. ಖಾಲಿ ಜಾಗ ಸೇರಿ ಏಳು ಉಳಿದವು. ಕೋಆರ್ಡಿನೇಟರರ ಮೊಬೈಲ್ ನಂಬರು ಹಾಕಿದೆ, ಅದು ಊರಿನ ಕೋಡ್ ಸೇರಿದ ಲ್ಯಾಂಡ್‌ಲೈನಿಗಿಂತ ಒಂದಂಕಿ ಕಡಿಮೆ. ‘ಕರೆ ಮಾಡಿ’ ಇದ್ದಲ್ಲಿ ‘ಮಿಸ್ ಕಾಲ್ ಕೊಡಿ’ ಕೂತಿತು, ಆದರೂ ಎರಡಕ್ಷರದ ಜಾಗ ಮಿಕ್ಕಿತು. ಅಂದರೆ ಮೊದಲೇ ಕೂರುತ್ತಿತ್ತು. ಜಾಗ ಇರಲಿಲ್ಲ ಎಂದದ್ದು ನಾನು.

ಹೊಸ ನಮೂನೆಯನ್ನು ಮಂಜೂರಿಗೆ ಹಾಕಿ, ದುಬಲಗುಂಡಿಗೆ ಹೋದೆ. ಶಾಲೆ ತೆರೆದಿತ್ತು. ಹೆಡ್‌ಮಾಸ್ತರರ ಮುಂದೆ ನಿಂತು ವಾದ ಮಾಡಿ ಅವಳ ಕೆಲಸ ಉಳಿಸಿಬಿಡುತ್ತೇನೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಅಂಶಗಳನ್ನು ಜೋಡಿಸಿಕೊಂಡಿದ್ದೆ ಕೂಡ.

ಅವರು ಕೇಳಿಸಿಕೊಂಡರು. “ನೀವು ಹೇಳೂದು ಖರೇ ಅದ್ರಿ. ಆದ್ರ ಹುಡುಗರ ಊಟ. ಕುದಿಯೋ ಸಾಂಬಾರ್ ಇಳಿಸಬೇಕು, ಆಕಿಗಿ ಕಾಣಂಗಿಲ್ಲ. ಏನರ ಹೆಚ್ಚುಕಡಿಮಿ ಆದ್ರ ನೀವು ಬಂದು ಹಿಂಗೇ ಮಾತಾಡ್ತೀರೇನು?”

ಹೊರಗೆ ಬಂದೆ. ಅಡುಗೆಕೋಣೆಯ ಬಾಗಿಲಲ್ಲಿ ಸೊಸೆ ಅಕ್ಕಿ ಆರಿಸುತ್ತಿದ್ದಳು. ಅತ್ತೆಯ ಜಾಗಕ್ಕೆ ಅವಳನ್ನೇ ತೆಗೆದುಕೊಂಡಿದ್ದರು. ನನ್ನನ್ನು ಕಂಡು ತಲೆ ಬಗ್ಗಿಸಿದಳು. ಕಳ್ಳತನ ಮಾಡಿದವಳು ತಾನು ಎಂಬಂತೆ.

ಮುಂದಿನ ಸರ್ಜನ್ ದಿನ ಗಾಡಿ ತುಂಬಿ ಬಂತು. ಹಿಂದಿನ ಸಂಜೆ ತಿರುಗಿ ಫೋನ್ ಹಚ್ಚುವ ಕೆಲಸದಲ್ಲಿ ಅರ್ಧ ನಾನು ಹಂಚಿಕೊಂಡಿದ್ದೆ. ಅಡುಗೆಯಾಕೆಯ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿಸಿ, ವರಾಂಡದ ಬೆಂಚಿನಲ್ಲಿ ಕೂರಿಸಿದ್ದರು. ನಾನು ಹತ್ತಿರ ಹೋಗಿ, ನಿಮಗೆ ಫೋನ್ ಮಾಡಿದವಳು ನಾನೇ ಎಂದೆ. ದನಿ ಗುರುತು ಹಿಡಿದಳು.

“ನೀವೇನ್ರಿ ಅಕ್ಕೋರ? ಭಾಳ ಚಲೋ ಆತು” ಎಂದು ಪಕ್ಕದವಳ ತೋಳು ತಟ್ಟಿದಳು. “ನೋಡು, ಈಕಿನೇ ನನಗ ತಿರುಗಿ ಫೋನ್ ಹಚ್ಚಿದಾಕಿ. ಇಲ್ಲಂದ್ರ ಯಾರ್ ಕೇಳ್ತಾರ ನಮ್ಮನ್ನ.”

“ಆಯಿ, ಹೋದ ಸಲ ನಿಮ್ಮ ಪಾಳಿ ತಪ್ಪಿದ್ದು ನನ್ನಿಂದ” ಎಂದೆ. “ಆ ಮೆಸೇಜ್ ನಾ ಬರೆದದ್ದು.”

“ನಿಮ್ಮಿಂದ ಹ್ಯಾಂಗ? ಫೋನ್ ಮಾಡ್ರಿ ಅಂತ ಬರದಿದ್ರಂತ. ಸೊಸಿ ಓದಿ ಹೇಳಿದ್ಳು. ನಾನೇ ಒಂದ್ ರಿಂಗ್ ಕೊಟ್ಟು ಇಟ್ಟೆ. ಹಳೀ ಚಟ. ತಪ್ಪು ನಂದೇ.”

ಹೆಡ್ ಆಫೀಸಿಗೆ ನಾನು ಹೇಳಿದ್ದ ವಾದ ಅದೇ. ಅದು ಈಗ ಅವಳ ಬಾಯಿಂದ ಬರುತ್ತಿತ್ತು, ನನ್ನ ಪರವಾಗಿ. ಅಲ್ಲ ಎಂದು ತಲೆಯಾಡಿಸಿದೆ. ಕಪ್ಪು ಕನ್ನಡಕದೊಳಗಿಂದ ಅವಳಿಗೆ ಅದು ಕಂಡಿತೋ ಇಲ್ಲವೋ.

“ಸಾಲಿ ಕೆಲಸ?” ಎಂದು ಕೇಳಿದೆ.

“ಸೊಸಿ ಮಾಡಾಕತ್ತಾಳಲ್ಲ. ಮನಿ ಬಿಟ್ಟು ಹೋಗಿಲ್ಲ ಬಿಡ್ರಿ.” ಸೆರಗು ಸರಿಮಾಡಿಕೊಂಡು, “ನನಗ ಇನ್ನ ಕೊಡಂಗಿಲ್ಲ ಆಕಿ. ಕೊಡಬಾರದು ಕೂಡ, ಹರೇದಾಕಿ” ಎಂದಳು. ಸೆರಗಿನ ಗಂಟಿನಿಂದ ಬಟನ್ ಫೋನು ತೆಗೆದಳು. “ಅದು ಬಿಡ್ರಿ. ಇನ್ನೊಂದು ಕಣ್ಣಿಗಿ ಮತ್ತ ಮೆಸೇಜ್ ಬರ್ತದಲ್ಲ, ಆವಾಗ ಎಷ್ಟೊತ್ತು ರಿಂಗ್ ಬಿಡಬೇಕು? ಒಂದೀಟು ಕಲಿಸ್ರಿ.”

“ಬ್ಯಾಡ ಆಯಿ, ಈಗ ಮಿಸ್ ಕಾಲ್ ಕೊಟ್ರ ಸಾಕು. ನಾವೇ ಹಚ್ತೀವಿ.”

“ಇರ್ಲಿ ತಗೋರಿ, ಕಲೀತೀನಿ.”

ನನ್ನ ನಂಬರನ್ನು ಅವಳ ಫೋನಿನಲ್ಲಿ ಒತ್ತಿಕೊಟ್ಟೆ. ಅವಳು ಕಿವಿಗೆ ಹಿಡಿದಳು. ನನ್ನ ಕೈಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಒಂದು ರಿಂಗ್ ಮುಗಿದಾಗ ಅವಳ ಹೆಬ್ಬೆರಳು ಕೆಂಪು ಬಟನ್ನಿನ ಕಡೆ ತಾನಾಗಿ ಸರಿಯಿತು. ಅವಳೇ ಅದನ್ನು ತಡೆದು ಹಿಡಿದಳು. ಎರಡು, ಮೂರು. ದೊಡ್ಡವರ ಮನೆಯ ಬಾಗಿಲು ಮತ್ತೆ ಮತ್ತೆ ಬಡಿದವಳ ಹಾಗೆ ಮುಖ ಚಿಕ್ಕದಾಗುತ್ತಿತ್ತು. ನಾನು ಹಸಿರು ಬಟನ್ ಒತ್ತಿದೆ.

“ಹಲೋ” ಎಂದಳು, ಮೊಳದ ದೂರದಲ್ಲಿ ಕುಳಿತು, ನನ್ನ ಮುಖ ನೋಡುತ್ತ. “ದವಾಖಾನಿಯವರೇನ್ರಿ?”

ಹೌದು ಎನ್ನಬೇಕಿತ್ತು. ಫೋನನ್ನು ಕಿವಿಗೆ ಹಿಡಿದು ಸುಮ್ಮನೆ ಕುಳಿತಿದ್ದೆ.

“ಕೇಳ್ಸಾಕತ್ತದೇನ್ರಿ?” ಎಂದು ಅವಳು ಇನ್ನೊಮ್ಮೆ ಕೇಳಿದಳು.